ಮಿಷನ್ ಯಾರ ಕೈಗೂ ವಜಾ ಪತ್ರ ಕೊಡುವುದಿಲ್ಲ: ಮೂಲ ಆದಾಯ ಇದಕ್ಕೆ ಉತ್ತರವಾದೀತೇ?

ಕಾರಟಗಿ ಕಾಲುವೆ

ನನ್ನ ತಾಯಿ ಹದಿನಾಲ್ಕು ವರ್ಷ ಒಂದು ಅಕ್ಕಿ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸ ಮಾಡಿದರು. ಇಪ್ಪತ್ತೆರಡು ಹೆಣ್ಣುಮಕ್ಕಳು ಗೋಣಿ ಹಾಸಿಕೊಂಡು ಸಾಲಾಗಿ ಕುಳಿತು, ಮೊರದಲ್ಲಿ ಕೇರಿ, ಕಪ್ಪು ಕಾಳು, ಹಳದಿ ಕಾಳು, ಹರಳು, ನೆಲ್ಲು ಆರಿಸಿ ತೆಗೆಯುತ್ತಿದ್ದರು. ನಮ್ಮ ತಾಯಿಯ ಬಲಗೈ ಹೆಬ್ಬೆರಳಿನ ತುದಿ ಅಂಗೈಯಷ್ಟೇ ನುಣುಪಾಗಿದೆ, ಅಷ್ಟು ಕಾಳು ಅದರ ಮೇಲೆ ಹಾದು ಹೋಗಿವೆ.

ಆಮೇಲೆ ಗಿರಣಿಗೆ ಸಾರ್ಟೆಕ್ಸ್ ಮಿಷನ್ ಬಂತು. ಅಕ್ಕಿ ಮೇಲಿನಿಂದ ತೆಳುವಾಗಿ ಜಾರಿ ಬೀಳುತ್ತದೆ. ಬೀಳುತ್ತಿರುವಾಗಲೇ ಕ್ಯಾಮೆರಾ ಕಾಳುಗಳ ಬಣ್ಣ ನೋಡುತ್ತದೆ, ಬಣ್ಣ ಬೇರೆ ಕಂಡ ಕಾಳಿನ ಮೇಲೆ ಸಣ್ಣ ನಳಿಕೆಯಿಂದ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಇದನ್ನು ನೋಡಿಕೊಳ್ಳಲು ಒಂದು ಪಾಳಿಗೆ ಇಬ್ಬರು ಸಾಕು.

ನಾನು ಹೇಳಬೇಕಾಗಿರುವುದು ಮಿಷನ್ ಬಂದ ಮೇಲೆ ನಡೆದದ್ದನ್ನು. ಯಾರೂ ಆ ಹೆಣ್ಣುಮಕ್ಕಳಿಗೆ "ನಾಳೆಯಿಂದ ಬರಬೇಡಿ" ಎಂದು ಹೇಳಲಿಲ್ಲ. "ಈ ವಾರ ಕೆಲಸ ಕಡಿಮೆ ಇದೆ, ಹೇಳಿ ಕಳುಹಿಸುತ್ತೇವೆ" ಎಂದರು. ಇಪ್ಪತ್ತೆರಡು ಜನ ಹನ್ನೆರಡಾದರು, ದೀಪಾವಳಿ ಕಳೆಯುವಷ್ಟರಲ್ಲಿ ಐದಾದರು, ಆಮೇಲೆ ಕರೆಯೇ ಬರಲಿಲ್ಲ. ನಮ್ಮ ತಾಯಿಯ ಕೆಲಸ ಹೋದ ತಾರೀಖು ಯಾವುದು ಎಂದು ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಯಾವ ಷರತ್ತೂ ಇಲ್ಲದೆ ಎಲ್ಲರಿಗೂ ಸರ್ಕಾರ ಹಣ ಕೊಡುವ ಸಾರ್ವತ್ರಿಕ ಮೂಲ ಆದಾಯದ ಪರವಾಗಿ ನನಗೆ ಕಾಣುವ ಅತಿ ದೊಡ್ಡ ಕಾರಣ ಇದೇ. "ಯಂತ್ರದಿಂದ ಕೆಲಸ ಕಳೆದುಕೊಂಡವರಿಗೆ ಪರಿಹಾರ ಕೊಡಿ, ಎಲ್ಲರಿಗೂ ಏಕೆ?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಕಳೆದುಕೊಂಡೆ ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಇಎಸ್‌ಐ ಸಂಖ್ಯೆ ಇರುವ ಕಾರ್ಮಿಕರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದಾಗ ಸರಾಸರಿ ಕೂಲಿಯ ಅರ್ಧದಷ್ಟನ್ನು 90 ದಿನಗಳವರೆಗೆ ಕೊಡುವ ವ್ಯವಸ್ಥೆ ಮಾಡಿದರು. ನಮ್ಮ ತಾಯಿಗೆ ಇಎಸ್‌ಐ ಇರಲಿಲ್ಲ. ಹಾಜರಿ ಪುಸ್ತಕ ಎಂದರೆ ಮೇಸ್ತ್ರಿಯ ಜೇಬಿನ ಚಿಕ್ಕ ಡೈರಿ. ಸಾಕ್ಷಿ ಕೇಳುವ ಯಾವ ಯೋಜನೆಯೂ ಮೊದಲು ಹೊರಗಿಡುವುದು ಇಂಥವರನ್ನೇ. ಮೂಲ ಆದಾಯ ಸಾಕ್ಷಿ ಕೇಳುವುದಿಲ್ಲ.

ಹಾಗಾದರೆ ಅಷ್ಟರಿಂದ ಎಲ್ಲ ಸರಿಹೋಗುತ್ತದೆಯೇ? ಮನೆಯ ಲೆಕ್ಕವನ್ನೇ ಇಡುತ್ತೇನೆ. ಗಿರಣಿಯಲ್ಲಿ ದಿನಕ್ಕೆ 260 ರೂಪಾಯಿ, ತಿಂಗಳಿಗೆ 24 ದಿನ, ವರ್ಷಕ್ಕೆ ಹತ್ತು ತಿಂಗಳು ಕೆಲಸ. ವರ್ಷಕ್ಕೆ ಸುಮಾರು 62 ಸಾವಿರ. ಈಗ ಎರಡು ಬೆಳೆಯ ನಾಟಿಯಲ್ಲಿ 40 ದಿನ ಸಿಗುತ್ತದೆ, ದಿನಕ್ಕೆ 400ರಂತೆ 16 ಸಾವಿರ. ಕಳೆ, ಮೆಣಸಿನಕಾಯಿ ಬಿಡಿಸುವುದು ಸೇರಿ ಇನ್ನೊಂದು ಒಂಬತ್ತು ಸಾವಿರ. ಒಟ್ಟು 25 ಸಾವಿರ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ವರ್ಷಕ್ಕೆ 24 ಸಾವಿರ. ಎರಡೂ ಸೇರಿ 49 ಸಾವಿರ. "62ರ ಜಾಗದಲ್ಲಿ 49 ಬಂತಲ್ಲ, ಹೆಚ್ಚೇನೂ ನಷ್ಟವಾಗಲಿಲ್ಲ" ಎಂದು ನನ್ನ ಗೆಳೆಯನೇ ಹೇಳಿದ. ಈ ಲೆಕ್ಕ ತಪ್ಪು. ಗಿರಣಿ ಕೆಲಸ ಉಳಿದಿದ್ದರೂ ಗೃಹಲಕ್ಷ್ಮಿ ಬರುತ್ತಿತ್ತು. ಹೋಲಿಸಬೇಕಾದದ್ದು 86 ಸಾವಿರದ ಜೊತೆಗೆ.

ಎಲ್ಲರಿಗೂ ಸಿಗುವ ಹಣ ಕಾಲ ಕೆಳಗಿನ ನೆಲವಾಗಬಲ್ಲದು, ಹೋದ ಕೂಲಿಗೆ ಬದಲಿಯಾಗಲಾರದು ಎಂಬುದು ನನ್ನ ಅಭಿಪ್ರಾಯ. ಆ ನೆಲ ಬೇಕೇ ಬೇಕು ಎನ್ನುವವನು ನಾನು. ನಿಮ್ಮ ಅನುಭವ ಹೇಳಿ.

ಸಿಂಧನೂರು ಹನ್ನೆರಡೆಕರೆ

ತಮ್ಮಾ, ತಾಯಿಯವರ ವಿಷಯ ಓದಿ ಸಂಕಟವಾಯಿತು. ಆದರೆ ನೀವು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೀರಿ. ಮಿಷನ್ ಬಂದು ಆಳು ಹೋಗಲಿಲ್ಲ, ಆಳು ಸಿಗದೆ ಮಿಷನ್ ಬಂತು.

ನನ್ನದು ಹನ್ನೆರಡು ಎಕರೆ ನೆಲ್ಲು. ಕೈಯಲ್ಲಿ ಕೊಯ್ಯಬೇಕೆಂದರೆ ಎಕರೆಗೆ ಹತ್ತು ಹನ್ನೆರಡು ಆಳು, ಆಮೇಲೆ ಹೊರೆ ಕಟ್ಟಬೇಕು, ಒಕ್ಕಬೇಕು, ತೂರಬೇಕು. ಆಳು ಬರುವವರೆಗೆ ಕಾದು ಒಂದು ಮಳೆ ಬಿದ್ದರೆ ಕಾಳು ಹೊಲದಲ್ಲೇ ಮೊಳಕೆ ಒಡೆಯುತ್ತದೆ. ಬೇರೆ ರಾಜ್ಯದಿಂದ ಬರುವ ಕಟಾವು ಮಿಷನ್ ಎಕರೆಗೆ ಒಂದು ಗಂಟೆ ತೆಗೆದುಕೊಂಡು ಕಾಳನ್ನು ನೇರವಾಗಿ ಟ್ರ್ಯಾಕ್ಟರ್ ಡಬ್ಬಿಗೆ ಸುರಿಯುತ್ತದೆ. ಕೆಸರಿದ್ದರೆ ಚೈನಿನ ಮಿಷನ್, ಒಣಗಿದ್ದರೆ ಟೈರಿನದು. ಹುಲ್ಲು ಹಾಳಾಗುತ್ತದೆ, ದನಕ್ಕೆ ಮೇವು ಕಡಿಮೆಯಾಗುತ್ತದೆ, ಅದೂ ನನಗೆ ನಷ್ಟವೇ. ಆದರೂ ಬೇರೆ ದಾರಿ ಇಲ್ಲ.

ತಿಂಗಳಿಗೆ ಎರಡು ಸಾವಿರ ಮನೆಗೆ ಬರಲು ಶುರುವಾದ ಮೇಲೆ ನಾಟಿಗೆ ಎಕರೆಗೆ ಒಂದು ಸಾವಿರ ಹೆಚ್ಚು ಕೇಳುತ್ತಿದ್ದಾರೆ. ಐದು ಸಾವಿರ ಕೊಟ್ಟರೆ ಹೊಲಕ್ಕೆ ಯಾರು ಇಳಿಯುತ್ತಾರೆ? ನಾಟಿಯ ಮಿಷನ್ನೂ ಬರುತ್ತದೆ. ನೀವೇ ಮಿಷನ್ ಕರೆಸಿದ ಹಾಗಾಯಿತು.

ಕಾರಟಗಿ ಕಾಲುವೆ

ಅಣ್ಣಾ, ಕಟಾವು ಮಿಷನ್ ಬಂದದ್ದು ಗೃಹಲಕ್ಷ್ಮಿಯಿಂದಲ್ಲ. ಆ ಯೋಜನೆ ಶುರುವಾದದ್ದು 2023ರ ಆಗಸ್ಟ್‌ನಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗಲೇ ನಮ್ಮ ಕಾಲುವೆಯ ಎರಡೂ ಬದಿಗೆ ಮಿಷನ್‌ಗಳು ನಿಲ್ಲುತ್ತಿದ್ದವು. ನಾಟಿಯ ದರ ಏರಿದ್ದು ನಿಜ, ಅದನ್ನು ನಮ್ಮ ತಾಯಿಯೇ ಹೇಳುತ್ತಾರೆ.

ರಾಯಚೂರು ಹಳೆಯ ಮೇಷ್ಟ್ರು

ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನು ನಾನು. ಸಿಂಧನೂರಿನವರ ಮಾತಿನಲ್ಲಿ ಎರಡು ಸಂಗತಿಗಳು ಬೆರೆತಿವೆ. "ಜನ ಕೆಲಸ ಬಿಟ್ಟರು" ಎಂಬುದು ಒಂದು, "ಜನ ಹೆಚ್ಚು ಕೂಲಿ ಕೇಳಿದರು" ಎಂಬುದು ಇನ್ನೊಂದು. ಎರಡನೆಯದು ಆಗುತ್ತದೆ, ಆಗಲೂಬೇಕು. ಮೊದಲನೆಯದಕ್ಕೆ ನಮ್ಮ ದೇಶದಲ್ಲೇ ಒಂದು ಪರೀಕ್ಷೆ ನಡೆದಿದೆ.

2011-12ರಲ್ಲಿ ಮಧ್ಯಪ್ರದೇಶದ ಇಂದೋರ್ ಕಡೆಯ ಎಂಟು ಹಳ್ಳಿಗಳಲ್ಲಿ ಸೇವಾ ಎಂಬ ದುಡಿಯುವ ಹೆಣ್ಣುಮಕ್ಕಳ ಸಂಘಟನೆಯವರು ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬರಿಗೂ ತಿಂಗಳ ಹಣ ಕೊಟ್ಟು ನೋಡಿದರು. ದೊಡ್ಡವರಿಗೆ 200 ರೂಪಾಯಿ, ಮಕ್ಕಳಿಗೆ 100. ಒಂದು ವರ್ಷದ ನಂತರ ಅದನ್ನು 300 ಮತ್ತು 150ಕ್ಕೆ ಏರಿಸಿದರು. ಮಕ್ಕಳ ಹಣ ತಾಯಿಯ ಕೈಗೆ. ಯಾವ ಷರತ್ತೂ ಇರಲಿಲ್ಲ. ಹಣ ಸಿಗದ ಹನ್ನೆರಡು ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು.

ಜನ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರಲ್ಲಿ ಹಲವರು ತಮ್ಮ ಚೂರು ಜಮೀನಿನಲ್ಲಿ ಹೆಚ್ಚು ದಿನ ದುಡಿದರು. ಬೀಜ, ಗೊಬ್ಬರಕ್ಕೆ ಸಾಹುಕಾರನ ಬಾಗಿಲಿಗೆ ಹೋಗುವುದು ಕಡಿಮೆಯಾಯಿತು, ಆಡು ಕುರಿ ಕೊಂಡರು. ಹೊರಗಿನಿಂದ ನೋಡುವ ಜಮೀನುದಾರನಿಗೆ ಇದು "ಆಳು ಸಿಗುತ್ತಿಲ್ಲ" ಎಂದೇ ಕಾಣುತ್ತದೆ. ಆಳು ಸೋಮಾರಿಯಾಗಿರುವುದಿಲ್ಲ, ತನ್ನ ಹೊಲದಲ್ಲಿ ಇರುತ್ತಾನೆ.

ಇದೇ ಪ್ರಯೋಗದ ಮಿತಿಯನ್ನೂ ಹೇಳಬೇಕು, ಏಕೆಂದರೆ ಮೂಲ ಆದಾಯವನ್ನು ಮೆಚ್ಚುವವರು ಅದನ್ನು ಹೇಳುವುದೇ ಇಲ್ಲ. ಅಲ್ಲಿ ಯಾರ ಕೆಲಸವನ್ನೂ ಯಂತ್ರ ಕಿತ್ತುಕೊಂಡಿರಲಿಲ್ಲ. ಕೈಯಲ್ಲಿ ಕೆಲಸ ಇದ್ದವರಿಗೆ ಮೇಲೊಂದಿಷ್ಟು ಹಣ ಸಿಕ್ಕಾಗ ಏನಾಗುತ್ತದೆ ಎಂಬುದಷ್ಟೇ ಅದರಿಂದ ಗೊತ್ತಾಯಿತು. ತುಂಡು ಜಮೀನೂ ಇಲ್ಲದ, ಗಿರಣಿ ಬಾಗಿಲು ಮುಚ್ಚಿದ ಹೆಣ್ಣುಮಗಳಿಗೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರ ಹುಡುಕಬಾರದು.

ಕೋಟೆ ಕೆಳಗಿನವನು, ಬಳ್ಳಾರಿ

ಮೇಷ್ಟ್ರೇ, ಹೊರ ದೇಶದಲ್ಲಿ ಇದೆಲ್ಲ ಆಗಿ ಹೋಗಿದೆ. ಫಿನ್‌ಲೆಂಡ್‌ನಲ್ಲಿ ಕೊಟ್ಟು ನೋಡಿದರು, ಸೋತಿತು, ಅರ್ಧಕ್ಕೇ ನಿಲ್ಲಿಸಿದರು. ಅಲಾಸ್ಕಾದಲ್ಲಿ ಮಾತ್ರ ಎಣ್ಣೆಯ ದುಡ್ಡು ಇರುವುದರಿಂದ ತಿಂಗಳಿಗೆ ಲಕ್ಷಗಟ್ಟಲೆ ಕೊಡುತ್ತಾರೆ, ಜನ ದುಡಿಯುವ ಅಗತ್ಯವೇ ಇಲ್ಲ. ನಮ್ಮಲ್ಲಿ ಎಣ್ಣೆ ಇಲ್ಲ, ಅದಿರು ಇದೆ. ಬಳ್ಳಾರಿಯ ಅದಿರಿನ ಹಣವನ್ನು ಬಳ್ಳಾರಿಯ ಜನರಿಗೇ ಹಂಚಿದರೆ ಮುಗಿಯಿತು.

ರಾಯಚೂರು ಹಳೆಯ ಮೇಷ್ಟ್ರು

ನಿಮ್ಮ ಕೊನೆಯ ಮಾತು ಯೋಚಿಸತಕ್ಕದ್ದು. ಮೊದಲ ಎರಡನ್ನು ತಿದ್ದಬೇಕು.

ಅಲಾಸ್ಕಾದ ಹಣ ತಿಂಗಳಿಗಲ್ಲ, ವರ್ಷಕ್ಕೊಮ್ಮೆ. 1982ರಿಂದ ಕೊಡುತ್ತಿದ್ದಾರೆ, ಹೆಚ್ಚಿನ ವರ್ಷಗಳಲ್ಲಿ ಒಂದರಿಂದ ಎರಡು ಸಾವಿರ ಡಾಲರ್. ಅಮೆರಿಕದಲ್ಲಿ ಅಷ್ಟರಿಂದ ಎರಡು ತಿಂಗಳ ಬಾಡಿಗೆ ಹುಟ್ಟಿದರೆ ಹೆಚ್ಚು. ಜನ ಎಂದಿನಂತೆ ದುಡಿಯುತ್ತಾರೆ. ಅಲ್ಲಿನ ಉದ್ಯೋಗವನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಒಟ್ಟು ದುಡಿಯುವವರ ಪ್ರಮಾಣ ಇಳಿದದ್ದು ಕಾಣಲಿಲ್ಲ, ಅರೆಕಾಲಿಕ ಕೆಲಸ ಸ್ವಲ್ಪ ಹೆಚ್ಚಿತು.

ಫಿನ್‌ಲೆಂಡ್ ಅರ್ಧಕ್ಕೆ ನಿಲ್ಲಿಸಲಿಲ್ಲ. 2017 ಮತ್ತು 2018, ಎರಡೇ ವರ್ಷ ಎಂದು ಮೊದಲೇ ತೀರ್ಮಾನಿಸಿದ್ದರು, ಮುಂದುವರಿಸಲಿಲ್ಲ ಅಷ್ಟೆ. ಚೀಟಿ ಎತ್ತಿದಂತೆ ಆರಿಸಿದ ಎರಡು ಸಾವಿರ ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕಿದರೂ ಹಣ ನಿಲ್ಲುವುದಿಲ್ಲ ಎಂಬುದೇ ಅದರ ವಿಶೇಷ. ಹಣ ಪಡೆದವರು ಉಳಿದ ನಿರುದ್ಯೋಗಿಗಳಿಗಿಂತ ಎರಡನೆಯ ವರ್ಷದಲ್ಲಿ ಸರಾಸರಿ ಆರು ದಿನ ಹೆಚ್ಚು ಕೆಲಸ ಮಾಡಿದರು. ದೊಡ್ಡ ಗೆಲುವೇನಲ್ಲ, ಸೋಲಂತೂ ಅಲ್ಲ. ಮನಸ್ಸಿನ ನೆಮ್ಮದಿ ಹೆಚ್ಚಿತು ಎಂದು ಅವರು ಹೇಳಿದ್ದೂ ದಾಖಲಾಗಿದೆ.

ಪದವಿ ಮುಗಿಸಿದವನು

"ಕೆಲಸ ಸಿಕ್ಕಿದರೂ ಹಣ ನಿಲ್ಲುವುದಿಲ್ಲ" ಎಂಬ ಮಾತಿಗೆ ನನ್ನ ಕಥೆ ಸೇರಿಸುತ್ತೇನೆ. ನನಗೆ ಯುವನಿಧಿ ಬರುತ್ತದೆ, ಪದವೀಧರರಿಗೆ ತಿಂಗಳಿಗೆ ಮೂರು ಸಾವಿರ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತದೆ. ಇನ್ನೂ ಕೆಲಸವಿಲ್ಲ ಎಂದು ನಾನೇ ಘೋಷಿಸುತ್ತಿರಬೇಕು.

ಕಳೆದ ತಿಂಗಳು ಒಂದು ಜೀನ್ಸ್ ಹೊಲಿಗೆ ಘಟಕದವರು ಲೆಕ್ಕ ಬರೆಯಲು ಕರೆದರು. ತಿಂಗಳಿಗೆ ಏಳು ಸಾವಿರ, ಅದೂ ಆರ್ಡರ್ ಇರುವ ಮೂರು ತಿಂಗಳು ಮಾತ್ರ. ಹೋದರೆ ಮೂರು ಸಾವಿರ ನಿಲ್ಲುತ್ತದೆ, ಅಂದರೆ ತಿಂಗಳಿಡೀ ದುಡಿದು ನನ್ನ ಕೈಗೆ ಹೆಚ್ಚಿಗೆ ಸಿಗುವುದು ನಾಲ್ಕು ಸಾವಿರ. ಬಸ್ಸು, ಊಟ ಕಳೆದರೆ ಎರಡೂವರೆ. ಮೂರು ತಿಂಗಳಾದ ಮೇಲೆ ಮತ್ತೆ ಅರ್ಜಿ ಹಾಕಿದರೆ ಮರಳಿ ಬರುತ್ತದೆಯೋ ಇಲ್ಲವೋ ಎಂಬ ಭಯ ಬೇರೆ. ನಾನು ಹೋಗಲಿಲ್ಲ. ಅಪ್ಪ ಒಂದು ವಾರ ನನ್ನೊಂದಿಗೆ ಮಾತನಾಡಲಿಲ್ಲ. ಸೋಮಾರಿತನ ಎಂದು ಅವರು ತಿಳಿದರು, ನನಗೆ ಅದು ಲೆಕ್ಕವಾಗಿತ್ತು.

ಮಾನ್ವಿ ಮನೆಯವರು

ಅಣ್ಣನವರೇ, ಇಲ್ಲಿ ತಿಳಿದವರು ಇದ್ದೀರಿ ಎಂದು ಕೇಳುತ್ತಿದ್ದೇನೆ. ನನಗೆ ಮೂರು ತಿಂಗಳಿಂದ ಗೃಹಲಕ್ಷ್ಮಿ ಹಣ ಬಂದಿಲ್ಲ. ಈ ಮೂಲ ಆದಾಯಕ್ಕೆ ಅರ್ಜಿ ಎಲ್ಲಿ ಕೊಡಬೇಕು? ಹಳೆಯದನ್ನು ನಿಲ್ಲಿಸಿ ಇದನ್ನು ಕೊಡುತ್ತಾರೆಯೇ? ಪಕ್ಕದ ಮನೆಯವರಿಗೆಲ್ಲ ಬಂದಿದೆ.

ಕಾರಟಗಿ ಕಾಲುವೆ

ಅಕ್ಕಾ, ಮೂಲ ಆದಾಯ ಎಂಬುದು ಇನ್ನೂ ಯೋಜನೆಯಲ್ಲ, ಬರಬೇಕೇ ಬೇಡವೇ ಎಂದು ನಾವು ಮಾತನಾಡುತ್ತಿದ್ದೇವೆ. ಇದಕ್ಕೆ ಅರ್ಜಿ ಇಲ್ಲ, ಯಾರಾದರೂ ಅರ್ಜಿ ಎಂದು ಹಣ ಕೇಳಿದರೆ ಕೊಡಬೇಡಿ. ನಿಮಗೆ ಮಾತ್ರ ಬಂದಿಲ್ಲ ಎಂದರೆ ಒಂದು ವಿಷಯ ನೋಡಿ. ಈಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದ್ದೀರಾ? ಸರ್ಕಾರದ ಹಣ ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ, ನೀವು ದಿನವೂ ಬಳಸುವ ಖಾತೆಗೆ ಅಲ್ಲ. ಆಧಾರ್ ಜಾಲತಾಣದಲ್ಲಿ ನಿಮ್ಮ ಸಂಖ್ಯೆಯಿಂದ ಒಳಹೋದರೆ Bank Seeding Status ಎಂದು ಇರುತ್ತದೆ. ಯಾವ ಬ್ಯಾಂಕು ಎಂದು ಅಲ್ಲಿ ಗೊತ್ತಾಗುತ್ತದೆ. ಮಕ್ಕಳ ಕೈಯಲ್ಲಿ ಮೊಬೈಲಿನಲ್ಲಿ ತೆಗೆಸಿ ನೋಡಿ.

ಸಂಡೂರು ಕೆಂಪು ಮಣ್ಣು

ಕೋಟೆ ಕೆಳಗಿನವರು ಅದಿರಿನ ಹಣದ ಮಾತು ತೆಗೆದರು. ಕೆಲಸ ಒಮ್ಮೆಲೇ ಹೋಗುವುದು ಎಂದರೇನು ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕಾಡು ನುಂಗಿದವರಿಗೆ ಆಗಬೇಕಾದದ್ದೇ ಆಯಿತು, ಅದರಲ್ಲಿ ನನ್ನ ತಕರಾರಿಲ್ಲ. ನನಗೆ ಆಗ ಒಂದು ಸಾಲದ ಲಾರಿ ಇತ್ತು. ಮನೆಯ ಮುಂದೆ ಟಾರ್ಪಾಲು ಹೊದಿಸಿ ನಿಲ್ಲಿಸಿದೆ. ನಾಲ್ಕನೆಯ ಕಂತು ತಪ್ಪಿದಾಗ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋದರು. ಲಾರಿ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಮೂರು ಮಳೆಗಾಲ ಹೋಗಲಿಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಆಗ ತಾರೀಖು ಇತ್ತು, ಆದೇಶ ಇತ್ತು. ಯಾರ ಕೆಲಸ ಹೋಯಿತು ಎಂದು ಊರಿಗೇ ಗೊತ್ತಿತ್ತು. ಆಮೇಲೆ ಗಣಿಗಳು ಮತ್ತೆ ತೆರೆದವು, ಅದಿರು ಮತ್ತೆ ಬಂತು. ಕೆಲಸ ಮಾತ್ರ ಅಷ್ಟು ಬರಲಿಲ್ಲ. ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದವರ ಜಾಗದಲ್ಲಿ ಯಂತ್ರ ಅಗೆಯುತ್ತದೆ, ಜರಡಿ ಹಿಡಿಯುತ್ತದೆ. ಕೆಲವು ಗಣಿಗಳ ಅದಿರು ಲಾರಿ ಹತ್ತುವುದೇ ಇಲ್ಲ, ಕೊಳವೆಯಂತೆ ಸುತ್ತಿಕೊಂಡ ಬೆಲ್ಟಿನಲ್ಲಿ ಬೆಟ್ಟದಿಂದ ಕಾರ್ಖಾನೆಗೆ ನೇರವಾಗಿ ಹೋಗುತ್ತದೆ. ರಸ್ತೆಯಲ್ಲಿ ದೂಳು ಕಡಿಮೆಯಾಯಿತು, ಅದು ನಮ್ಮ ಮಕ್ಕಳ ಎದೆಗೆ ಒಳ್ಳೆಯದು. ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿ, ರಸ್ತೆ ಬದಿಯ ಊಟದ ಮನೆ, ಇವರೆಲ್ಲ ಎಲ್ಲಿಗೆ ಹೋದರು ಎಂದು ಯಾರೂ ಬರೆದಿಟ್ಟಿಲ್ಲ. ಕೋರ್ಟು ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ, ಬೆಲ್ಟು ನಿಲ್ಲಿಸಿದ್ದು ಯಾರಿಗೂ ನೆನಪಿಲ್ಲ.

ರಾಯಚೂರು ಹಳೆಯ ಮೇಷ್ಟ್ರು

ಅದಿರಿನ ಹಣ ಇದೆ. 2015ರ ಕಾನೂನು ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೆಯ ಗುತ್ತಿಗೆಗಳವರು ರಾಜಧನದ ನೂರಕ್ಕೆ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ನೂರಕ್ಕೆ 10ರಷ್ಟನ್ನು ಅದಕ್ಕೆ ಕೊಡಬೇಕು. ಆ ಹಣ ಕುಡಿಯುವ ನೀರು, ಆರೋಗ್ಯ, ಶಾಲೆ, ರಸ್ತೆಗಳಿಗೆ ಹೋಗುತ್ತದೆ. ಮನೆಮನೆಗೆ ನಗದಾಗಿ ಹಂಚಲು ಅದನ್ನು ಮಾಡಿದ್ದಲ್ಲ. ಅಲಾಸ್ಕಾ ಮಾಡಿದ ಜಾಣತನವೆಂದರೆ ಎಣ್ಣೆಯ ಆದಾಯದ ಒಂದು ಪಾಲನ್ನು ಮುಟ್ಟದೆ ಹೂಡಿಕೆ ಮಾಡಿ, ಅದರ ಗಳಿಕೆಯಿಂದ ಮಾತ್ರ ಹಂಚಿದ್ದು. ಅದಿರು ಮುಗಿದ ಮೇಲೂ ಹಣ ಬರಬೇಕಾದರೆ ಹಾಗೆ ಮಾಡಬೇಕು. ಆದರೆ ಕಾರಟಗಿಯ ಗಿರಣಿಗೆ ಅದಿರಿಲ್ಲ. ಅವರ ತಾಯಿಗೆ ಯಾವ ನಿಧಿಯಿಂದ ಕೊಡುತ್ತೀರಿ?

ಅದಕ್ಕಾಗಿ ರಾಜ್ಯದ ಲೆಕ್ಕ ಮಾಡೋಣ. ಮತದಾರರ ಪಟ್ಟಿಯಲ್ಲಿ ಐದು ಕೋಟಿಗೂ ಹೆಚ್ಚು ಜನರಿದ್ದಾರೆ. ಐದೇ ಕೋಟಿ ಎಂದು ಹಿಡಿದು ತಲೆಗೆ ತಿಂಗಳಿಗೆ ಒಂದು ಸಾವಿರ ಕೊಟ್ಟರೆ ವರ್ಷಕ್ಕೆ 60 ಸಾವಿರ ಕೋಟಿ ರೂಪಾಯಿ. 2024-25ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 3.71 ಲಕ್ಷ ಕೋಟಿ, ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ಈಗಿನ ಗ್ಯಾರಂಟಿಗಳನ್ನೆಲ್ಲ ತೆಗೆದರೂ ಒಂದು ಸಾವಿರಕ್ಕೆ ಸಾಲುವುದಿಲ್ಲ. ಎರಡು ಸಾವಿರ ಎಂದರೆ ಬಜೆಟ್ಟಿನ ಮೂರನೆಯ ಒಂದು ಭಾಗ. ಗಿರಣಿ ಹುಡುಗನ ತಾಯಿ ಕಳೆದುಕೊಂಡದ್ದು ತಿಂಗಳಿಗೆ ಐದು ಸಾವಿರದಷ್ಟು. ಅಷ್ಟನ್ನು ಎಲ್ಲರಿಗೂ ಕೊಡುವುದು ರಾಜ್ಯದಿಂದ ಆಗದ ಮಾತು. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆಯಲ್ಲಿ ಅರವಿಂದ ಸುಬ್ರಮಣಿಯನ್ ಈ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅವರೂ ವರ್ಷಕ್ಕೆ 7,620 ರೂಪಾಯಿ, ಅದೂ ನೂರಕ್ಕೆ 75 ಜನರಿಗೆ ಎಂದೇ ಲೆಕ್ಕ ಹಾಕಿದ್ದರು. ಅದಕ್ಕೇ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 4.9 ಭಾಗ ಬೇಕಾಗುತ್ತಿತ್ತು.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಒಮ್ಮೆ ನಿಗದಿ ಮಾಡಿದ ಮೊತ್ತ ಅಲ್ಲೇ ನಿಂತುಬಿಡುತ್ತದೆ. ಇರಾನ್ 2010ರ ಡಿಸೆಂಬರಿನಲ್ಲಿ ಇಂಧನದ ಸಬ್ಸಿಡಿ ತೆಗೆದು ಪ್ರತಿಯೊಬ್ಬರಿಗೂ ತಿಂಗಳಿಗೆ 4,55,000 ರಿಯಾಲ್ ಕೊಡಲು ಶುರುಮಾಡಿತು. ಮೊದಲ ವರ್ಷ ಬಡವರ ಮನೆಯಲ್ಲಿ ಅದು ದೊಡ್ಡ ಹಣ. ಬೆಲೆಗಳು ಏರುತ್ತಾ ಹೋದವು, ಮೊತ್ತ ವರ್ಷಗಟ್ಟಲೆ ಅಲ್ಲೇ ನಿಂತಿತು, ಕೊನೆಗೆ ಅದರಿಂದ ಕೊಳ್ಳಬಹುದಾದದ್ದು ಬಹಳ ಸ್ವಲ್ಪ. ಇರಾನ್ ತನಕ ಹೋಗುವುದೂ ಬೇಡ. 60ರಿಂದ 79 ವರ್ಷದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅದೇ 200. ಮೂಲ ಆದಾಯ ಕೊಡುತ್ತೇನೆಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಎಷ್ಟು ಎಂದಲ್ಲ, ಬೆಲೆ ಏರಿದಂತೆ ಅದೂ ತಾನಾಗಿ ಏರುತ್ತದೆ ಎಂದು ಕಾನೂನಿನಲ್ಲಿ ಬರೆದಿದ್ದೀರಾ ಎಂದು.

ಕೂಲಿ ಸಂಘದ ಅಕ್ಕ

ಇಷ್ಟು ಹೊತ್ತು ಓದಿದೆ. ಎಲ್ಲರೂ ಹಣದ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾನು ಲಿಂಗಸುಗೂರು ಕಡೆ ಹದಿನೈದು ವರ್ಷ ಉದ್ಯೋಗ ಖಾತರಿಯ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಟ್ಟಿದವಳು. ನಮಗೆ ಬೇಕಾದದ್ದು ಕೆಲಸ.

2024-25ರಲ್ಲಿ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ನೂರು ದಿನ ಪೂರ್ತಿ ಸಿಕ್ಕಿದರೆ 34,900. ಎರಡು ಸಾವಿರದ ಹನ್ನೆರಡು ಕಂತಿಗಿಂತ ಹೆಚ್ಚು. ಜೊತೆಗೆ ಊರಿಗೊಂದು ಕೆರೆ ಹೂಳು ತೆಗೆದದ್ದು, ಬದು ಹಾಕಿದ್ದು ಉಳಿಯಿತು. ಗಂಡು ಹೆಣ್ಣಿಗೆ ಒಂದೇ ಕೂಲಿ ಎಂಬುದನ್ನು ನಮ್ಮ ಊರು ಮೊದಲು ಕಂಡದ್ದು ಅಲ್ಲಿಯೇ. ತಮ್ಮಾ, ನಿಮ್ಮ ತಾಯಿ ಕಳೆದುಕೊಂಡದ್ದು 62 ಸಾವಿರ ಮಾತ್ರವೇ? ಅವರನ್ನು ಕೇಳಿ. ಇಪ್ಪತ್ತೆರಡು ಜನ ಸಾಲಾಗಿ ಕುಳಿತುಕೊಳ್ಳುವ ಜಾಗ ಹೋಯಿತು. ಯಾರ ಮನೆಯಲ್ಲಿ ಗಂಡ ಹೊಡೆದ, ಯಾರ ಮಗಳಿಗೆ ಜ್ವರ ಎಂದು ಗೊತ್ತಾಗುತ್ತಿದ್ದದ್ದು ಅಲ್ಲಿ. ಖಾತೆಗೆ ಬಂದ ಹಣ ಆ ಸಾಲನ್ನು ಮತ್ತೆ ಕೂರಿಸುವುದಿಲ್ಲ.

ಕಾರಟಗಿ ಕಾಲುವೆ

ಅಕ್ಕಾ, ತಾಯಿಯನ್ನು ಕೇಳಿದೆ. "ಹೌದು, ಆ ಸಾಲು ಹೋಯಿತು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು "ಆದರೆ ಸೊಂಟ ನೋವೂ ಅಲ್ಲೇ ಬಂದದ್ದು" ಎಂದರು. ದಿನಕ್ಕೆ ಒಂಬತ್ತು ಗಂಟೆ ಬಾಗಿ ಕೂರುವ ಕೆಲಸ ಮರಳಿ ಬರಲಿ ಎಂದು ನಾನು ಕೇಳಲಾರೆ. ಕೆಲಸ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ನೂರು ದಿನ ಪೂರ್ತಿ ಸಿಕ್ಕ ಮನೆಗಳು ನಿಮ್ಮ ಕಡೆ ಎಷ್ಟಿದ್ದವು?

ಕೂಲಿ ಸಂಘದ ಅಕ್ಕ

ಕಡಿಮೆ. ಸುಳ್ಳು ಹೇಳುವುದಿಲ್ಲ. ಕೆಲಸ ಕೇಳಿ ಹದಿನೈದು ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು 2005ರ ಕಾಯ್ದೆಯಲ್ಲೇ ಬರೆದಿದ್ದರು. ಅದಕ್ಕೆ ಫಾರಂ 6 ಕೊಟ್ಟು ತಾರೀಖು ಹಾಕಿದ ಸ್ವೀಕೃತಿ ಪಡೆಯಬೇಕಿತ್ತು. ಅರ್ಜಿ ಒಳಗೆ ಇಟ್ಟುಕೊಳ್ಳುತ್ತಿದ್ದರು, ಸ್ವೀಕೃತಿ ಕೊಡುತ್ತಿರಲಿಲ್ಲ. ಸ್ವೀಕೃತಿ ಇಲ್ಲದಿದ್ದರೆ ನೀವು ಕೆಲಸ ಕೇಳಿಯೇ ಇಲ್ಲ. ಆ ಒಂದು ಚೀಟಿಗಾಗಿ ನಾವು ಪಂಚಾಯಿತಿ ಮೆಟ್ಟಿಲ ಮೇಲೆ ರಾತ್ರಿ ಮಲಗಿದ್ದೇವೆ. ಆಮೇಲೆ ದಿನಕ್ಕೆ ಎರಡು ಬಾರಿ ಮೊಬೈಲಿನಲ್ಲಿ ಫೋಟೋ ಹಾಜರಿ ಬಂತು, ಗುಡ್ಡದ ಹಿಂದೆ ಸಿಗ್ನಲ್ ಇಲ್ಲದಿದ್ದರೆ ಅಗೆದ ಮಣ್ಣು ಕಣ್ಣೆದುರಿದ್ದರೂ ಹಾಜರಿ ಇಲ್ಲ. ಸಾಕ್ಷಿಯ ಬಗ್ಗೆ ನೀವು ಹೇಳಿದ್ದು ನಮಗೂ ತಗುಲುತ್ತದೆ, ಒಪ್ಪುತ್ತೇನೆ. ಆದರೂ ಕೆಲಸ ಕೇಳಲು ನಾವು ನೂರು ಜನ ಒಟ್ಟಿಗೆ ಹೋಗುತ್ತಿದ್ದೆವು. ಹಣ ಖಾತೆಗೆ ಬೀಳತೊಡಗಿದ ಮೇಲೆ ಒಬ್ಬೊಬ್ಬರೇ ಬ್ಯಾಂಕಿಗೆ ಹೋಗುತ್ತಾರೆ. ನಾಳೆ ಅದನ್ನು ನಿಲ್ಲಿಸಿದರೆ ಯಾರು ಒಟ್ಟಿಗೆ ಬರುತ್ತಾರೆ ಎಂಬುದು ನನ್ನ ಭಯ.

ಸಿಂಧನೂರು ಹನ್ನೆರಡೆಕರೆ

ಅಕ್ಕನವರೇ, ನಾಟಿಯ ತಿಂಗಳಲ್ಲಿ ಖಾತರಿ ಕೆಲಸ ತೆಗೆಯಬೇಡಿ ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಅದು ಇರಲಿ. ಮೇಷ್ಟ್ರಿಗೆ ಒಂದು ಪ್ರಶ್ನೆ. ಪಕ್ಕದ ತೆಲಂಗಾಣದಲ್ಲಿ 2018ರಿಂದ ರೈತಬಂಧು ಎಂದು ಎಕರೆಗೆ ಇಷ್ಟು ಎಂದು ಕೊಟ್ಟರು. ಮಿಷನ್ ಬರುವುದನ್ನು ತಡೆಯಲು ನಮಗೂ ಹಾಗೆ ಕೊಟ್ಟರೆ ನಾವೇ ಆಳಿಗೆ ಹೆಚ್ಚು ಕೂಲಿ ಕೊಡುವುದಿಲ್ಲವೇ?

ರಾಯಚೂರು ಹಳೆಯ ಮೇಷ್ಟ್ರು

ಅದು ಪಟ್ಟಾ ಇದ್ದವರ ಖಾತೆಗೆ ಹೋಯಿತು. ಗುತ್ತಿಗೆಗೆ ಹೊಲ ಮಾಡುವವನಿಗೂ ಬರಲಿಲ್ಲ, ಕೂಲಿಗೂ ಬರಲಿಲ್ಲ. ನೀವು ಕೂಲಿ ಹೆಚ್ಚಿಸುವಿರೋ ಇಲ್ಲವೋ ನನಗೆ ಗೊತ್ತಿಲ್ಲ. ಗಂಟೆಗೆ ಒಂದೆಕರೆ ಕೊಯ್ಯುವ ಮಿಷನ್ ಎದುರಿಗೆ ನಿಂತಿರುವಾಗ ಎಕರೆಗೆ ಹನ್ನೆರಡು ಆಳು ಕರೆಯುತ್ತೀರಾ? ನಿಮ್ಮ ಜಾಗದಲ್ಲಿ ನಾನಿದ್ದರೂ ಕರೆಯಲಾರೆ. ಅದಕ್ಕೇ ಹಣ ಎಕರೆಯ ಲೆಕ್ಕದಲ್ಲಿ ಅಲ್ಲ, ತಲೆಯ ಲೆಕ್ಕದಲ್ಲಿ ಹೋಗಬೇಕು ಎನ್ನುವುದು. ಮಿಷನ್ ತಂದವರಿಂದ ಅದಕ್ಕೆ ತೆರಿಗೆ ತೆಗೆಯುವುದು ಹೇಗೆ ಎಂಬುದು ಮಾತ್ರ ನನಗೂ ಬಗೆಹರಿದಿಲ್ಲ. ಸಾರ್ಟೆಕ್ಸ್‌ನಿಂದ ಉಳಿದ ಕೂಲಿ ಗಿರಣಿಯ ಲಾಭವಾಯಿತೋ, ಪೈಪೋಟಿಯಲ್ಲಿ ಅಕ್ಕಿಯ ದರ ಇಳಿದು ಬೆಂಗಳೂರಿನ ಗಿರಾಕಿಗೆ ಹೋಯಿತೋ, ಬ್ಯಾಂಕಿನ ಬಡ್ಡಿಗೆ ಹೋಯಿತೋ ಎಂಬುದನ್ನು ಒಂದೊಂದು ಗಿರಣಿಯಲ್ಲೂ ನೋಡಬೇಕು.

ಪದವಿ ಮುಗಿಸಿದವನು

ಮೇಷ್ಟ್ರೇ, ತಲೆಗೆ ಎಂದರೆ ನನ್ನ ಅಪ್ಪನಿಗೂ ನನಗೂ ಬೇರೆ ಬೇರೆ ಬರುತ್ತದೆಯೇ? ಬರುವುದಾದರೆ ಒಂದೇ ಸಾವಿರವಾದರೂ ಸರಿ, ಕೆಲಸಕ್ಕೆ ಹೋದರೂ ನಿಲ್ಲದ ಸಾವಿರ ನನಗೆ ಈಗಿನ ಮೂರು ಸಾವಿರಕ್ಕಿಂತ ಮೇಲು. ಆ ಲೆಕ್ಕ ಬರೆಯುವ ಕೆಲಸಕ್ಕೆ ಅವತ್ತೇ ಹೋಗಿರುತ್ತಿದ್ದೆ.

ಮಾನ್ವಿ ಮನೆಯವರು

ತಮ್ಮಾ, ನೀವು ಹೇಳಿದ ಹಾಗೆ ಮಗಳು ನೋಡಿದಳು. ಹತ್ತಿ ಮಾರಿದ ಹಣಕ್ಕೆಂದು ರಾಯಚೂರಿನಲ್ಲಿ ಖಾತೆ ತೆಗೆಸಿದ್ದೆವು, ಮೂರು ಕಂತೂ ಅಲ್ಲಿಗೆ ಹೋಗಿ ಕುಳಿತಿದೆ. ತೆಗೆಯಲು ಇಲ್ಲಿನ ಬ್ಯಾಂಕ್ ಮಿತ್ರರ ಹತ್ತಿರ ಹೋದರೆ ಯಂತ್ರ ನನ್ನ ಬೆರಳು ಓದುತ್ತಿಲ್ಲ. ಹತ್ತಿ ಬಿಡಿಸಿ ಬಿಡಿಸಿ ಬೆರಳ ತುದಿ ಸವೆದಿದೆ. ನಾಲ್ಕು ಬೆರಳೂ ಇಟ್ಟು ನೋಡಿದೆ. ನಿಮ್ಮ ತಾಯಿಯವರ ಬೆರಳೂ ನುಣುಪಾಗಿದೆ ಎಂದು ಬರೆದಿದ್ದೀರಲ್ಲ, ಅವರು ಹಣ ಹೇಗೆ ತೆಗೆಯುತ್ತಾರೆ?